ಮೊಮ್ಮಗನಿಗೆ ಚೆಸ್ ಬೋರ್ಡ್ ಜೊತೆ ಕಳಿಸುವ ಕಾಗದ: ಒಂದ್ಸಲ ಓದಿ ತಪ್ಪಿದ್ರೆ ಹೇಳಿ

ಆಲ್ದೂರು ಅಜ್ಜ
ಎಲ್ಲರಿಗೂ ನಮಸ್ಕಾರ. ಮಗಳ ಮಗ ಮಂಗಳೂರಿನಲ್ಲಿದ್ದಾನೆ. ಮೂರನೇ ಕ್ಲಾಸು, ಮುಂದಿನ ವಾರ ಎಂಟು ವರ್ಷ ತುಂಬುತ್ತೆ. ಗುಕೇಶ್ 2024ರಲ್ಲಿ ವಿಶ್ವ ಚಾಂಪಿಯನ್ ಆದಾಗಿನಿಂದ ಚೆಸ್ ಬೇಕು ಅಂತ ಹಠ. ನಮ್ಮ ಕಡೆಯ ಬಡಗಿ ಹತ್ತಿರ ಬೀಟೆ ಮತ್ತು ಹಲಸಿನ ತುಂಡಿನಲ್ಲಿ ಒಂದು ಬೋರ್ಡ್ ಮಾಡಿಸಿದ್ದೇನೆ. ಕಾಯಿಗಳನ್ನು ಚಿಕ್ಕಮಗಳೂರು ಪೇಟೆಯಲ್ಲಿ ತಗೊಂಡೆ. ಮಗಳಿಗೂ ಅಳಿಯನಿಗೂ ಆಟ ಬರುವುದಿಲ್ಲ. ಹಾಗಾಗಿ ಕಾಗದವೇ ಅವನಿಗೆ ಗುರು. ಬರೆದದ್ದು ಇಷ್ಟು:

“ಪ್ರೀತಿಯ ಪುಟ್ಟ, ಬೋರ್ಡನ್ನು ಮುಂದೆ ಇಟ್ಟುಕೋ. ನಿನ್ನ ಹತ್ತಿರದ ಸಾಲಿನ ಎರಡು ಮೂಲೆಗೆ ಆನೆ. ಆನೆ ಪಕ್ಕ ಕುದುರೆ, ಕುದುರೆ ಪಕ್ಕ ಒಂಟೆ. ನಡುವೆ ಎರಡು ಮನೆ ಉಳಿಯುತ್ತೆ. ಅಲ್ಲಿ ರಾಜ, ರಾಜನ ಎಡಗಡೆ ಮಂತ್ರಿ. ಎದುರಿಗೆ ಕೂತವರೂ ಹೀಗೇ ಇಡಬೇಕು. ಮುಂದಿನ ಸಾಲಿಗೆ ಎಂಟು ಕಾಲಾಳು. ಕಾಲಾಳು ಒಂದೊಂದೇ ಮನೆ ಮುಂದಕ್ಕೆ ಹೋಗುತ್ತೆ, ಓರೆಯಾಗಿ ಹೊಡೆಯುತ್ತೆ. ಕೊನೇ ಸಾಲು ಮುಟ್ಟಿದರೆ ಅದು ಯಾವ ಕಾಯಿಯ ಮನೆಯೋ ಆ ಕಾಯಿ ಆಗುತ್ತೆ. ರಾಜ ಒಂದೇ ಒಂದು ಸಲ ಕುದುರೆ ಹಾಗೆ ಹಾರಬಹುದು.”

ಇದರ ಮುಂದೆ ಒಂದೊಂದು ಕಾಯಿಯ ನಡೆ ಬರೆಯಬೇಕು. ಇಲ್ಲಿವರೆಗೆ ಸರಿ ಇದೆಯಾ?

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್
ಕಾಗದ ಬರೆಯುವ ಅಜ್ಜ ಇನ್ನೂ ಇದ್ದಾರಲ್ಲ! ಖುಷಿಯಾಯ್ತು.

ಕಡೂರು ಹುಡುಗ
ಸೂಪರ್ ಅಜ್ಜ. ಇಡುವ ಕ್ರಮ ಎಲ್ಲಾ ಸರಿ ಇದೆ. ರಾಜನ ಎಡಗಡೆ ರಾಣಿ, ಇಷ್ಟು ನೆನಪಿದ್ರೆ ಸಾಕು. ಮಂತ್ರಿ ಅನ್ನಬೇಡಿ, ಈಗ ಎಲ್ಲರೂ ರಾಣಿ ಅಂತಾರೆ. ಕಾಲಾಳು ಮಾತ್ರ ಮೊದಲ ಸಲ ಎರಡು ಮನೆ ಹೋಗಬಹುದು, ಅದೊಂದು ಸೇರಿಸಿ.

ಬೇಲೂರು ಮೇಷ್ಟ್ರು
ಅಜ್ಜ, ಬೇಜಾರು ಮಾಡ್ಕೋಬೇಡಿ, ಕಾಗದ ಹೀಗೇ ಹೋದರೆ ಹುಡುಗ ಶಾಲೆಯಲ್ಲಿ ಮೊದಲ ದಿನವೇ ಜಗಳ ಮಾಡಿಕೊಳ್ಳುತ್ತಾನೆ. ನೀವು ಬರೆದಿರೋದು ನಮ್ಮ ಹಳೆಯ ಆಟ. ನನ್ನ ದೊಡ್ಡಪ್ಪ ಆಡುತ್ತಿದ್ದದ್ದು ಇದನ್ನೇ. ಕಾಲಾಳಿಗೆ ಒಂದೇ ಮನೆ, ರಾಜನಿಗೆ ಒಂದು ಸಲ ಕುದುರೆ ಹಾರಿಕೆ, ಹಣ್ಣಾದ ಕಾಲಾಳು ಆ ಮನೆಯ ಕಾಯಿ ಆಗೋದು, ಎಲ್ಲಾ ಅದರದ್ದೇ. ಈಗಿನ ಆಟದಲ್ಲಿ ರಾಜ ಕುದುರೆ ಹಾಗೆ ಹಾರುವಂತಿಲ್ಲ. ಕೊನೇ ಸಾಲು ಮುಟ್ಟಿದ ಕಾಲಾಳು ಯಾವ ಮನೆಯಲ್ಲಿದ್ದರೂ ಮಂತ್ರಿ ಆಗಬಹುದು. ಆನೆ, ಕುದುರೆ, ಒಂಟೆ ಬೇಕಿದ್ದರೆ ಅದೂ ಆಗಬಹುದು.

ಕಡೂರು ಹುಡುಗ ಹೇಳಿದ “ರಾಜನ ಎಡಗಡೆ ರಾಣಿ” ಅರ್ಧ ಮಾತ್ರ ಸರಿ. ಬಿಳಿ ಕಾಯಿಯವನಿಗೆ ಅದು ಸರಿ. ಕಪ್ಪು ಕಾಯಿಯವನು ಆಚೆ ಕಡೆ ಕೂತಿರುತ್ತಾನೆ. ಅವನ ಲೆಕ್ಕಕ್ಕೆ ಮಂತ್ರಿ ರಾಜನ ಬಲಗಡೆ ಬರಬೇಕು. ಇಬ್ಬರೂ ತಮ್ಮ ತಮ್ಮ ಎಡಗಡೆಗೆ ಇಟ್ಟರೆ ಏನಾಗುತ್ತೆ? ಬಿಳಿ ರಾಜನ ಎದುರಿಗೆ ಕಪ್ಪು ಮಂತ್ರಿ ನಿಲ್ಲುತ್ತೆ. ಹಳೆಯ ಆಟದಲ್ಲಿ ಎಷ್ಟೋ ಕಡೆ ಇಡುತ್ತಿದ್ದದ್ದು ಹಾಗೇ. ಈಗಿನ ಆಟದಲ್ಲಿ ರಾಜನ ಎದುರಿಗೆ ರಾಜನೇ ನಿಲ್ಲಬೇಕು.

ಆಲ್ದೂರು ಅಜ್ಜ
ಮೇಷ್ಟ್ರೇ, ನಾನು ಅರವತ್ತು ವರ್ಷ ಹಾಗೇ ಆಡಿದ್ದೇನೆ. ನಮ್ಮಪ್ಪ ಬಟ್ಟೆ ಹಾಸಿನ ಮೇಲೆ ಕಲಿಸಿದ್ದು. ಯಾರೂ ತಪ್ಪು ಅಂದಿರಲಿಲ್ಲ.

ಬೇಲೂರು ಮೇಷ್ಟ್ರು
ತಪ್ಪಲ್ಲ ಅಜ್ಜ, ಅದು ಬೇರೆ ಆಟ ಅಷ್ಟೇ. ನೀವು ಬಟ್ಟೆ ಹಾಸು ಅಂದಿರಲ್ಲ, ವಿಷಯ ಅಲ್ಲೇ ಇದೆ. ಆ ಬಟ್ಟೆಯಲ್ಲಿ ಕಪ್ಪು ಬಿಳಿ ಮನೆ ಇತ್ತಾ?

ಆಲ್ದೂರು ಅಜ್ಜ
ಇಲ್ಲ. ಬರೀ ಗೆರೆ. ಕೆಂಪು ದಾರದ ಹೊಲಿಗೆ.

ಬೇಲೂರು ಮೇಷ್ಟ್ರು
ಹೂಂ. ಹಳೆಯ ಹಾಸುಗಳಿಗೆ ಬಣ್ಣದ ಮನೆ ಇರುತ್ತಿರಲಿಲ್ಲ. ಬಣ್ಣವೇ ಇಲ್ಲದಿದ್ದರೆ ಎಡ ಬಲ ಹೇಳಿಯೇ ಇಡಬೇಕಲ್ವಾ? ಈಗಿನ ಬೋರ್ಡಿನಲ್ಲಿ ಬಣ್ಣ ಇದೆ. ಹಾಗಾಗಿ ಎಡ ಬಲ ಬಿಟ್ಟು ಬಣ್ಣ ಹೇಳಿ. ಎರಡೇ ಮಾತು ಸಾಕು.

ಮೊದಲನೆಯದು: ನಿನ್ನ ಬಲಗೈ ಹತ್ತಿರದ ಮೂಲೆ ಮನೆ ತಿಳಿ ಬಣ್ಣದ್ದಾಗಿರಬೇಕು. ನಿಮ್ಮ ಬೋರ್ಡಿನಲ್ಲಿ ಹಲಸಿನ ಮನೆ. ಎರಡನೆಯದು: ಬಿಳಿ ಮಂತ್ರಿ ತಿಳಿ ಮನೆಗೆ, ಕಪ್ಪು ಮಂತ್ರಿ ಕಪ್ಪು ಮನೆಗೆ.

ಈ ಕ್ರಮದಲ್ಲೇ ಹೇಳಿ, ಹಿಂದೆ ಮುಂದೆ ಮಾಡಬೇಡಿ. ಮೂಲೆ ನೋಡದೆ ಬರೀ ಮಂತ್ರಿ ಬಣ್ಣ ನೋಡಿ ಇಟ್ಟರೆ, ಬೋರ್ಡು ಅಡ್ಡ ತಿರುಗಿದ್ದಾಗ ಎರಡೂ ಕಡೆ ರಾಜ ಮಂತ್ರಿ ಅದಲು ಬದಲು ಆಗುತ್ತವೆ. ಆಗಲೂ ರಾಜನ ಎದುರು ರಾಜನೇ ಇರುತ್ತಾನೆ. ನೋಡಿದರೆ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತೆ. ಮಗುವಿಗೆ ತಪ್ಪು ಗೊತ್ತೇ ಆಗುವುದಿಲ್ಲ.

ಕಡೂರು ಹುಡುಗ
ಎರಡೂ ಕಡೆ ಒಂದೇ ಥರ ಅದಲು ಬದಲು ಆದ್ರೆ ತೊಂದರೆ ಏನು ಸರ್? ಕನ್ನಡಿಯಲ್ಲಿ ಆಡಿದ ಹಾಗೆ ಅಷ್ಟೇ. ಇಬ್ಬರಿಗೂ ಒಂದೇ ನ್ಯಾಯ.

ಹಾಸನದ ಅಮ್ಮ
ತೊಂದರೆ ಇದೆ ತಮ್ಮಾ, ನನ್ನ ಮಗಳಿಗೆ ಆಗಿದೆ. ಒಂದು ಶಾಲೆಯಲ್ಲಿ ಮಕ್ಕಳ ಟೂರ್ನಮೆಂಟ್ ಇತ್ತು. ಆಟಕ್ಕೆ ಹದಿನೈದು ನಿಮಿಷ. ಬೋರ್ಡುಗಳನ್ನು ಮೊದಲೇ ಜೋಡಿಸಿ ಇಟ್ಟಿದ್ದರು. ಇವಳ ಟೇಬಲ್ಲಿನಲ್ಲಿ ರಾಜ ಮಂತ್ರಿ ಎರಡೂ ಕಡೆ ಅದಲು ಬದಲು. ಮಕ್ಕಳು ನೋಡಲಿಲ್ಲ, ಆಡಿದರು. ಹನ್ನೆರಡನೇ ನಡೆಗೆ ಇವಳು ಕ್ಯಾಸಲಿಂಗ್, ಅಂದ್ರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರ ಮಾಡೋದು, ಮಾಡೋಕೆ ಹೋದಾಗ ಎದುರಿನ ಹುಡುಗ ಕೈ ಎತ್ತಿದ. ಮೇಲ್ವಿಚಾರಕರು ಬಂದು ನೋಡಿ, ರಾಜ ತಪ್ಪು ಮನೆಯಲ್ಲಿದ್ದಾನೆ, ಕ್ಯಾಸಲಿಂಗ್ ಇಲ್ಲ, ಹೀಗೇ ಮುಂದುವರಿಸಿ ಅಂದರು. ರಾಜ ನಡುಮನೆಯಲ್ಲೇ ಸಿಕ್ಕಿಕೊಂಡ. ಮಗಳು ಅತ್ತುಕೊಂಡು ಹೊರಗೆ ಬಂದಳು. ಅದು ಅನ್ಯಾಯ ಅಂತಲೇ ನನಗೆ ಈಗಲೂ ಅನ್ನಿಸುತ್ತೆ.

ಬೇಲೂರು ಮೇಷ್ಟ್ರು
ಅಮ್ಮಾ, ಹೊಟ್ಟೆ ಉರಿಯುತ್ತೆ ನಿಜ. ಆದರೆ ಅವರು ಹೇಳಿದ್ದು ನಿಯಮದ ಪ್ರಕಾರವೇ. ರ‍್ಯಾಪಿಡ್ ಆಟದಲ್ಲಿ ಇಬ್ಬರೂ ಹತ್ತು ನಡೆ ಮುಗಿಸಿದ ಮೇಲೆ ಜೋಡಣೆ ತಪ್ಪಿದೆ ಅಂತ ಕೇಳುವ ಹಾಗಿಲ್ಲ. ರಾಜ ತಪ್ಪು ಮನೆಯಲ್ಲಿ ಶುರು ಮಾಡಿದ್ದರೆ ಕ್ಯಾಸಲಿಂಗ್ ಹೋಯಿತು. ಹತ್ತು ನಡೆಯೊಳಗೆ ಕೈ ಎತ್ತಿದ್ದರೆ ಸರಿ ಮಾಡಿಸಬಹುದಿತ್ತು. ಗಂಟೆಗಟ್ಟಲೆ ನಡೆಯುವ ದೊಡ್ಡ ಆಟದ ನಿಯಮ ಬೇರೆ. ಅಲ್ಲಿ ಕಾಯಿ ಜೋಡಿಸಿದ್ದೇ ತಪ್ಪು ಅಂತ ನಡುವೆ ಗೊತ್ತಾದರೂ ಆ ಆಟ ರದ್ದು, ಹೊಸ ಆಟ. ಬರೀ ಬೋರ್ಡು ಅಡ್ಡ ಇದ್ದರೆ, ಆಗಿನ ಸ್ಥಿತಿಯನ್ನೇ ಸರಿಯಾದ ಬೋರ್ಡಿಗೆ ಎತ್ತಿಟ್ಟು ಮುಂದುವರಿಸುತ್ತಾರೆ.

ಜೋಡಿಸಿಟ್ಟ ಬೋರ್ಡಿನ ಮುಂದೆ ಕೂತರೂ ಮೊದಲು ಬಲ ಮೂಲೆ, ಆಮೇಲೆ ಮಂತ್ರಿ. ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ಕೈಕುಲುಕುವ ಮುಂಚೆ ಇದನ್ನು ನೋಡೋಕೆ ಹೇಳಿದ್ದೇನೆ.

ಹಾಸನದ ಅಮ್ಮ
ಜೋಡಿಸಿದ್ದು ದೊಡ್ಡವರು, ಶಿಕ್ಷೆ ಎಂಟು ವರ್ಷದ ಮಗುವಿಗೆ. ನಿಯಮ ಇದೆ ಅಂದ ಮಾತ್ರಕ್ಕೆ ನ್ಯಾಯ ಆಗಲ್ಲ ಮೇಷ್ಟ್ರೇ.

ಸಕಲೇಶಪುರ ಕಾಫಿ
ಬೋರ್ಡ್ ಕಳಿಸೋದಾದ್ರೆ ಬಸ್ ಪಾರ್ಸಲ್ ಹಾಕಿ ಅಜ್ಜ, ಶಿರಾಡಿ ಇಳಿದರೆ ಮಂಗಳೂರು. ಆದ್ರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಲೇಬೇಕು. ನಮ್ಮ ಮನೆಯ ಕೇರಂ ಬೋರ್ಡು ಜುಲೈನಲ್ಲಿ ಹಪ್ಪಳದ ಹಾಗೆ ಸೊಟ್ಟ ಆಗಿತ್ತು.

ಕೊಪ್ಪದ ಟೀಚರ್
ಪಾರ್ಸಲ್ ವಿಷಯ ಆಮೇಲೆ. ನಾನು ಮೂರನೇ ಕ್ಲಾಸಿಗೇ ಪಾಠ ಮಾಡೋದು. ಎಂಟು ವರ್ಷದ ಮಗು ಆರು ಕಾಯಿಯ ನಡೆಯನ್ನು ಒಂದೇ ಕಾಗದದಲ್ಲಿ ಓದಿ ನೆನಪಿಡಲ್ಲ ಅಜ್ಜ. ಮೂರನೇ ಕಾಯಿಗೆ ಬರುವಾಗ ಮೊದಲನೆಯದು ಮರೆತಿರುತ್ತೆ. ಎದುರಿಗೆ ಹೇಳಿಕೊಡುವವರೂ ಇಲ್ಲ ಅಂತೀರಿ. ಇಡುವುದು ಹೇಗೆ ಅಂತ ಬರೆಯಿರಿ, ಒಂದು ಚಿಕ್ಕ ಆಟ ಹೇಳಿಕೊಡಿ, ನಿಲ್ಲಿಸಿ. ಉಳಿದದ್ದಕ್ಕೆ ಎರಡನೇ ಕಾಗದ.

ಕಡೂರು ಹುಡುಗ
ಚಿಕ್ಕ ಆಟ ಅಂದ್ರೆ ನಾಲ್ಕು ನಡೆ ಚೆಕ್‌ಮೇಟ್ ಕಲಿಸಿ! ರಾಜನ ಮುಂದಿನ ಕಾಲಾಳು e4, ಒಂಟೆ c4, ರಾಣಿ h5, ಆಮೇಲೆ f7 ಹೊಡೆದ್ರೆ ಆಟ ಮುಗೀತು. ನಾನು ಹೈಸ್ಕೂಲಲ್ಲಿ ಅರ್ಧ ಕ್ಲಾಸನ್ನು ಹೀಗೇ ಸೋಲಿಸಿದ್ದೆ. ಮಗುವಿಗೆ ಗೆದ್ದ ಖುಷಿ ಸಿಗುತ್ತೆ.

ಬೇಲೂರು ಮೇಷ್ಟ್ರು
ಉಳಿದ ಅರ್ಧ ಕ್ಲಾಸು ಏನು ಮಾಡಿತು ಹೇಳಪ್ಪ.

ಇದನ್ನು ಕಲಿತು ಬಂದ ಮಕ್ಕಳನ್ನು ಸರಿ ಮಾಡೋಕೆ ನನಗೆ ತಿಂಗಳುಗಟ್ಟಲೆ ಹಿಡಿದಿದೆ, ಅದಕ್ಕೇ ಹೇಳ್ತಿದ್ದೇನೆ. f7 ಮನೆಯ ಕಾಲಾಳನ್ನು ಆಟದ ಶುರುವಿನಲ್ಲಿ ಕಾಯೋದು ರಾಜ ಒಬ್ಬನೇ. ಅದಕ್ಕೇ ಆ ಏಟು ಕೆಲಸ ಮಾಡೋದು. ಆದರೆ ಕಪ್ಪಿನವನು ಕುದುರೆಯನ್ನು c6ಗೆ ತಂದು, ಮಂತ್ರಿ h5ಗೆ ಬಂದಾಗ g ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದರೆ ಮುಗೀತು. ಮಂತ್ರಿ ಹಿಂದೆ ಓಡಬೇಕು. ಅದು f3ಗೆ ಹೋಗಿ ಮತ್ತೆ f7 ಮೇಲೆ ಕಣ್ಣು ಹಾಕುತ್ತೆ. ಕಪ್ಪು ಇನ್ನೊಂದು ಕುದುರೆಯನ್ನು f6ಗೆ ತಂದು ಅಡ್ಡ ನಿಲ್ಲಿಸುತ್ತೆ. ಈಗ ಎಣಿಸಿ ನೋಡು. ಕಪ್ಪಿನ ಎರಡು ಕುದುರೆಯೂ ಹೊರಗೆ ಬಂದಿವೆ. ಬಿಳಿಯದ್ದು ಮಂತ್ರಿ ಎರಡು ಸಲ ನಡೆದಿದೆ, ಕುದುರೆ ಎರಡೂ ಮನೆಯಲ್ಲೇ ಇವೆ. f3 ಮನೆ ಬಿಳಿ ಕುದುರೆಯದ್ದು, ಅಲ್ಲಿ ಮಂತ್ರಿ ಹೋಗಿ ಕೂತಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎದುರಿನವನು ತಪ್ಪು ಮಾಡಲಿ ಅಂತ ಕಾಯುವ ಅಭ್ಯಾಸ ಆಗಿಬಿಡುತ್ತೆ.

ಕಡೂರು ಹುಡುಗ
g6 ಎಲ್ಲರಿಗೂ ಗೊತ್ತಿರಲ್ಲ ಸರ್. ತಪ್ಪಿಸಿಕೊಳ್ಳೋಕಾದ್ರೂ ಮಗುವಿಗೆ ಆ ಏಟು ಗೊತ್ತಿರಬೇಕಲ್ವಾ?

ಬೇಲೂರು ಮೇಷ್ಟ್ರು
ಅದು ಒಪ್ಪಿದೆ. ತಪ್ಪಿಸಿಕೊಳ್ಳೋದು ಕಲಿಸೋಣ, ಎರಡನೇ ಕಾಗದದಲ್ಲಿ.

ಮೊದಲ ಕಾಗದಕ್ಕೆ ನಾನು ಹೇಳೋದು ಕಾಲಾಳು ಆಟ. ಎಂಟು ಬಿಳಿ ಕಾಲಾಳು, ಎಂಟು ಕಪ್ಪು ಕಾಲಾಳು, ಬೇರೆ ಯಾವ ಕಾಯಿಯೂ ಬೇಡ. ಎದುರಿನ ಕೊನೇ ಸಾಲು ಯಾರದ್ದು ಮೊದಲು ಮುಟ್ಟುತ್ತೋ ಅವರು ಗೆದ್ದರು. ಯಾರಿಗಾದರೂ ನಡೆಯೇ ಇಲ್ಲದೆ ಹೋದರೆ ಆಟ ಸಮ. ಮಗು ಹೆಚ್ಚು ತಪ್ಪು ಮಾಡೋದೇ ಕಾಲಾಳಿನಲ್ಲಿ, ಯಾಕಂದ್ರೆ ಅದು ನಡೆಯೋದು ನೇರ, ಹೊಡೆಯೋದು ಓರೆ. ಎದುರಿಗೆ ಕಾಯಿ ಇದ್ದರೆ ಮಗು ನೇರಕ್ಕೆ ಹೊಡೆದುಬಿಡುತ್ತೆ. ಹತ್ತು ಸಲ ಈ ಆಟ ಆಡಿದರೆ ಅದು ತಾನಾಗಿ ಹೋಗುತ್ತೆ. ಅಮ್ಮನಿಗೂ ಐದು ನಿಮಿಷದಲ್ಲಿ ಬರುತ್ತೆ, ಹಾಗಾಗಿ ಮನೆಯಲ್ಲೇ ಜೊತೆ ಸಿಗುತ್ತೆ.

ಕೊಪ್ಪದ ಟೀಚರ್
ಇದು ಚೆನ್ನಾಗಿದೆ. ಒಂದು ಅನುಮಾನ. ಎರಡು ಮನೆ ಹಾರಿದ ಕಾಲಾಳನ್ನು ಪಕ್ಕದ ಕಾಲಾಳು ಒಂದು ಮನೆ ಹೋದ ಹಾಗೆ ಲೆಕ್ಕ ಹಾಕಿ ಹೊಡೆಯಬಹುದು ಅಂತ ಒಂದು ನಿಯಮ ಇದೆಯಲ್ಲ? ಕಾಲಾಳು ಆಟದಲ್ಲಿ ಅದು ಮೊದಲ ದಿನವೇ ಎದುರಾಗುತ್ತೆ.

ಬೇಲೂರು ಮೇಷ್ಟ್ರು
ಎದುರಾಗುತ್ತೆ ನಿಜ. ಆದರೂ ಮೊದಲ ವಾರ ಬೇಡ ಅಂತೀನಿ. ಕಾಗದದಲ್ಲಿ ಓದಿದರೆ ತಲೆ ಕೆಡುತ್ತೆ, ಕೈ ಹಿಡಿದು ತೋರಿಸಬೇಕಾದ ನಡೆ ಅದು.

ಕೊಪ್ಪದ ಟೀಚರ್
ನಾನಾಗಿದ್ರೆ ಬರೆದುಬಿಡ್ತಿದ್ದೆ. ಮೊದಲು ಇಲ್ಲ ಅಂತ ಕಲಿತು ಆಮೇಲೆ ಇದೆ ಅಂದ್ರೆ ಮಕ್ಕಳು ನಂಬಲ್ಲ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್
ಹಳೆ ಆಟ ಆಡಿಕೊಂಡು ದೊಡ್ಡ ಆಟಗಾರ ಆದವರು ಯಾರೂ ಇಲ್ವಾ ಮೇಷ್ಟ್ರೇ? ಅಜ್ಜನ ಪರ ಕೇಳ್ತಿದ್ದೀನಿ.

ಬೇಲೂರು ಮೇಷ್ಟ್ರು
ಇದ್ದಾರೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್. ಹಳೆಯ ಆಟದಲ್ಲಿ ಬೆಳೆದವರು, ಈಗಿನ ನಿಯಮ ಆಮೇಲೆ ಕಲಿತರು. 1929, 1932, 1933, ಮೂರು ಸಲ ಬ್ರಿಟಿಷ್ ಚಾಂಪಿಯನ್. ನಮ್ಮ ಕಡೆಯೇ ಬೇಕಂದ್ರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದಾರಲ್ಲ. ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಕಟ್ಟಿದವರು.

ಸಕಲೇಶಪುರ ಕಾಫಿ
ಕುದುರೆ ಸುತ್ತು ನಾನು ಚಿಕ್ಕವನಿದ್ದಾಗ ಮಾಡ್ತಿದ್ದೆ! ಮುಟ್ಟಿದ ಮನೆಗೆ ಒಂದೊಂದು ಕಾಫಿ ಬೀಜ ಇಡೋದು. ಐವತ್ತರ ಆಚೆ ಹೋಗೋಕೆ ಆಗ್ತಾನೇ ಇರಲಿಲ್ಲ, ಎಲ್ಲೋ ಒಂದು ಮೂಲೆ ಉಳಿದುಬಿಡೋದು. ಕುದುರೆ ನಡೆ ಮಾತ್ರ ಇವತ್ತಿಗೂ ತಪ್ಪಲ್ಲ. ಎರಡನೇ ಕಾಗದದ ಜೊತೆ ಒಂದು ಹಿಡಿ ಬೀಜ ಹಾಕಿ ಕಳಿಸಿ ಅಜ್ಜ.

ಆಲ್ದೂರು ಅಜ್ಜ
ಎಲ್ಲಾ ಓದಿದೆ. ಬೀಜದ ಉಪಾಯ ತುಂಬಾ ಹಿಡಿಸಿತು.

ಈಗ ಒಂದು ಹೊಸ ತೊಂದರೆ. ಮೇಷ್ಟ್ರು ಹೇಳಿದ ಬಲ ಮೂಲೆ ನೋಡೋಕೆ ಬೋರ್ಡ್ ತೆಗೆದೆ. ಚೌಕಟ್ಟಿನ ಮೇಲೆ ಬಡಗಿ ಮಗ ಚೆಂದಕ್ಕೆ a ಇಂದ h, 1 ಇಂದ 8 ಅಂತ ಬರೆದಿದ್ದಾನೆ. ಅಕ್ಷರ ನನ್ನ ಕಡೆ ಬರುವ ಹಾಗೆ ಇಟ್ಟುಕೊಂಡರೆ ಬಲ ಮೂಲೆಗೆ ಬೀಟೆ ಬರುತ್ತೆ. ಹಲಸು ಬಲಕ್ಕೆ ಬರಲಿ ಅಂತ ತಿರುಗಿಸಿದರೆ ಅಕ್ಷರ ಪಕ್ಕಕ್ಕೆ ಹೋಗುತ್ತೆ. ಯಾವುದನ್ನು ನಂಬಬೇಕು?

ಬೇಲೂರು ಮೇಷ್ಟ್ರು
ಬಣ್ಣವನ್ನು ನಂಬಿ. a1 ಮನೆ ಯಾವಾಗಲೂ ಕಪ್ಪು, h1 ಯಾವಾಗಲೂ ತಿಳಿ ಬಣ್ಣ. ಅಕ್ಷರ ತಪ್ಪಾಗಿ ಬಿದ್ದಿದೆ. ಪೇಟೆಯ ಅಗ್ಗದ ಬೋರ್ಡುಗಳಲ್ಲೂ ಇದನ್ನು ನೋಡಿದ್ದೇನೆ. ಹಾಗೇ ಕಳಿಸಬೇಡಿ. ಮಗು ಅಕ್ಷರ ನೋಡಿಯೇ ಇಡುತ್ತೆ.

ಮೂಡಿಗೆರೆ ಮರಗೆಲಸ
ಅಜ್ಜ, ಬೋರ್ಡು ಮಡಚುವಂಥದ್ದಾ? ಒಂದೇ ಹಲಗೆಯಾ? ಹಿಂದೆ ಸ್ಕ್ರೂ ಇದೆಯಾ ನೋಡಿ.

ಆಲ್ದೂರು ಅಜ್ಜ
ಒಂದೇ ಹಲಗೆ. ಚೌಕಟ್ಟಿಗೆ ಹಿಂದಿನಿಂದ ನಾಲ್ಕು ಸ್ಕ್ರೂ.

ಮೂಡಿಗೆರೆ ಮರಗೆಲಸ
ಹಾಗಾದ್ರೆ ಹೊಸದಾಗಿ ಬರೆಸೋದು ಬೇಡ. ಸ್ಕ್ರೂ ಬಿಚ್ಚಿ, ಮನೆಗಳಿರುವ ಹಲಗೆಯನ್ನು ಹೊರಗೆ ತೆಗೆದು ಕಾಲು ಸುತ್ತು ತಿರುಗಿಸಿ ವಾಪಸ್ ಕೂರಿಸಿ. ನಾಲ್ಕೂ ಕಡೆ ಒಂದೇ ಅಳತೆ ಇದ್ದರೆ ಸರಿಯಾಗಿ ಕೂರುತ್ತೆ. ಅಕ್ಷರ ಇದ್ದಲ್ಲೇ ಇರುತ್ತೆ, ಬಣ್ಣ ಬದಲಾಗುತ್ತೆ. ಮಡಚುವ ಬೋರ್ಡ್ ಆಗಿದ್ದರೆ ಇದು ಆಗ್ತಿರಲಿಲ್ಲ, ಅಕ್ಷರ ಉಜ್ಜಿ ಅಳಿಸಬೇಕಿತ್ತು.

ಇನ್ನೊಂದು ಮಾತು. ಹಲಗೆಗೆ ಅಂಟು ಹಾಕಬೇಡಿ. ಸುತ್ತ ಒಂದು ಕೂದಲೆಳೆಯಷ್ಟು ಜಾಗ ಬಿಡಿ. ಮಂಗಳೂರಿನ ಹಸಿ ಗಾಳಿಗೆ ಮರ ಊದುತ್ತೆ. ಜಾಗ ಇಲ್ಲದಿದ್ದರೆ ನಡುವೆ ಎದ್ದು ಕೂರುತ್ತೆ, ಕಾಯಿ ನಿಲ್ಲಲ್ಲ. ಸಕಲೇಶಪುರದವರ ಕೇರಂ ಬೋರ್ಡಿಗೆ ಆದದ್ದೂ ಅದೇ ಇರಬೇಕು.

ಆಲ್ದೂರು ಅಜ್ಜ
ತಿರುಗಿಸಿದೆ. ಒಂದು ಕಡೆ ಸ್ವಲ್ಪ ಬಿಗಿ ಇತ್ತು, ಉಪ್ಪು ಕಾಗದ ಹಾಕಿ ಉಜ್ಜಿದೆ. ಈಗ a1ಗೆ ಬೀಟೆ, h1ಗೆ ಹಲಸು. ಕಾಗದ ಹೊಸದಾಗಿ ಬರೆದೆ:

“ಪ್ರೀತಿಯ ಪುಟ್ಟ, ಕಾಯಿಗಳನ್ನು ಚೀಲದಿಂದ ಈಗಲೇ ತೆಗೆಯಬೇಡ. ಮೊದಲು ಬರೀ ಬೋರ್ಡು. ನಿನ್ನ ಬಲಗೈಯನ್ನು ಹತ್ತಿರದ ಮೂಲೆ ಮೇಲೆ ಇಡು. ಆ ಮನೆ ಹಳದಿ ಹಲಸಿನದ್ದಾಗಿರಬೇಕು. ಕಪ್ಪು ಬಂದರೆ ಬೋರ್ಡನ್ನು ಒಂದು ಸಲ ಪಕ್ಕಕ್ಕೆ ತಿರುಗಿಸು.

ಇವತ್ತು ಕಾಲಾಳು ಮಾತ್ರ. ಕಾಲಾಳು ಅಂದರೆ ಎಲ್ಲಕ್ಕಿಂತ ಚಿಕ್ಕ ಕಾಯಿ, ಎಂಟೆಂಟು ಇರುತ್ತವೆ. ನಿನ್ನ ಕಡೆಯಿಂದ ಎರಡನೇ ಸಾಲಿಗೆ ಎಂಟು ಬಿಳಿ ಕಾಲಾಳು. ಅಮ್ಮ ತನ್ನ ಕಡೆಯಿಂದ ಎರಡನೇ ಸಾಲಿಗೆ ಎಂಟು ಕಪ್ಪು. ಬಿಳಿ ಮೊದಲು ನಡೆಯುತ್ತೆ. ಕಾಲಾಳು ಮುಂದಕ್ಕೆ ಒಂದು ಮನೆ ಹೋಗುತ್ತೆ. ಮನೆಯಿಂದ ಮೊದಲ ಸಲ ಹೊರಟಾಗ ಮಾತ್ರ ಬೇಕಿದ್ದರೆ ಎರಡು ಮನೆ. ಎದುರಿಗೆ ಯಾರಾದರೂ ನಿಂತಿದ್ದರೆ ಅದು ನಿಲ್ಲಬೇಕು. ಹೊಡೆಯೋದು ಓರೆಯಾಗಿ, ಮುಂದಿನ ಎಡ ಅಥವಾ ಬಲ ಮನೆಯಲ್ಲಿ ಇದ್ದವರನ್ನು ಮಾತ್ರ. ಅಮ್ಮನ ಕೊನೇ ಸಾಲನ್ನು ನಿನ್ನ ಕಾಲಾಳು ಮುಟ್ಟಿದರೆ ನೀನು ಗೆದ್ದೆ.

ಐದು ಆಟ ಆದ ಮೇಲೆ ಎಲ್ಲಾ ಕಾಯಿ ಇಟ್ಟು ನೋಡು. ಮೂಲೆಗೆ ಆನೆ, ಪಕ್ಕ ಕುದುರೆ, ಅದರ ಪಕ್ಕ ಒಂಟೆ. ಬಿಳಿ ಮಂತ್ರಿ ಹಳದಿ ಮನೆಗೆ, ಕಪ್ಪು ಮಂತ್ರಿ ಕಪ್ಪು ಮನೆಗೆ. ಉಳಿದ ಮನೆ ರಾಜನದ್ದು. ಈಗ ಇಬ್ಬರು ರಾಜರೂ ಒಬ್ಬರನ್ನೊಬ್ಬರು ನೇರವಾಗಿ ನೋಡುತ್ತಿದ್ದಾರಾ? ಹೌದಾದರೆ ನನಗೆ ಫೋನ್ ಮಾಡು.”

ಕೊಪ್ಪದ ಟೀಚರ್
ಇದನ್ನು ನನ್ನ ಕ್ಲಾಸಿನ ಯಾವ ಮಗುವಾದರೂ ಓದುತ್ತೆ. ಕಳಿಸಿ.

ಕಡೂರು ಹುಡುಗ
ಮಂತ್ರಿ ಬಿಡಲೇ ಇಲ್ಲ ಅಜ್ಜ ನೀವು.

ಆಲ್ದೂರು ಅಜ್ಜ
ನಮ್ಮಪ್ಪ ಹೇಳಿಕೊಟ್ಟ ಹೆಸರು ಅದು. ನಿಯಮ ಎಲ್ಲಾ ಬದಲಾಯಿಸಿದ್ದೇನೆ, ಹೆಸರು ಇರಲಿ. ಶಾಲೆಯಲ್ಲಿ ರಾಣಿ ಅಂದರೆ ಅದನ್ನೂ ಕಲಿಯುತ್ತಾನೆ.

ಹಾಸನದ ಅಮ್ಮ
ಅಜ್ಜ, ಎರಡನೇ ಕಾಗದದಲ್ಲಿ ಕ್ಯಾಸಲಿಂಗ್ ಬರೆಯುವಾಗ ಮೊದಲು ರಾಜನನ್ನು ಮುಟ್ಟು, ಆಮೇಲೆ ಆನೆ ಅಂತ ಸೇರಿಸಿ. ಮೇಷ್ಟ್ರೇ, ಆನೆ ಮೊದಲು ಮುಟ್ಟಿದ್ರೆ ತೊಂದರೆ ಇದೆ ಅಲ್ವಾ?

ಬೇಲೂರು ಮೇಷ್ಟ್ರು
ಇದೆ. ಆನೆ ಮುಟ್ಟಿ ಆಮೇಲೆ ರಾಜನನ್ನು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸಲಿಂಗ್ ಇಲ್ಲ, ಮುಟ್ಟಿದ ಆನೆಯನ್ನೇ ನಡೆಸಬೇಕು. ಎರಡೂ ಒಂದೇ ಕೈಯಲ್ಲಿ ಮಾಡಬೇಕು. ಮನೆಯ ಆಟದಲ್ಲಿ ಯಾರೂ ಹೇಳಲ್ಲ, ಟೂರ್ನಮೆಂಟಿನಲ್ಲಿ ಮಕ್ಕಳು ಸಿಕ್ಕಿಬೀಳೋದು ಅಲ್ಲೇ.

ಆಲ್ದೂರು ಅಜ್ಜ
ಪಾರ್ಸಲ್ ಮೊನ್ನೆ ಮುಟ್ಟಿತು. ಭಾನುವಾರ ಫೋನ್ ಬಂತು. ಅಮ್ಮನ ಜೊತೆ ಏಳು ಆಟ ಆಡಿ ನಾಲ್ಕು ಗೆದ್ದಿದ್ದಾನೆ. ಎಲ್ಲಾ ಕಾಯಿ ಇಟ್ಟು, ರಾಜರು ನೋಡ್ತಿದ್ದಾರೆ ಅಜ್ಜ, ಅಂದ. ಆನೆ ಯಾಕೆ ಎಲ್ಲೂ ಹೋಗೋಕೆ ಆಗಲ್ಲ ಅಂತ ಕೇಳಿದ. ಮುಂದೆ ಕಾಲಾಳು ಇದೆ, ಪಕ್ಕ ಕುದುರೆ ಇದೆ, ದಾರಿ ಬಿಡಿಸಬೇಕು ಅಂದೆ.

ಆಮೇಲೆ ನಾನೂ ಇಲ್ಲಿ ಹಳೆ ಬಟ್ಟೆ ಹಾಸು ಬಿಚ್ಚಿ ಕೂತೆ. ಅವನು e2 ಇಂದ e4 ಅಂದ. ನಾನು e5 ಅಂದೆ. ಕುದುರೆ f3 ಅಂದ. ಯಾಕೆ ಅಂತ ಕೇಳಿದೆ. ನಿಮ್ಮ ಕಾಲಾಳನ್ನು ಹೊಡೆಯೋಕೆ ಅಂದ. ನಾನು c6ಗೆ ಕುದುರೆ ತಂದು ಕಾದುಕೊಂಡೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಕಾಯಿಗಳನ್ನು ಹಾಗೇ ಬಿಟ್ಟಿದ್ದೇವೆ. ಈಗ ನಡೆ ಅವನದ್ದು.